ಅಂಟಿಸಿ ಕಳಿಸಿದ ಕ್ರಯಪತ್ರ ಪೂರ್ತಿ ಇದೆಯೇ?

ಕೇಳುಗರಿಗೆ ನಮಸ್ಕಾರ. ನಾನು ಉಡುಪಿಯಲ್ಲಿ ದಸ್ತಾವೇಜು ಬರೆಯುವ ಕಸುಬಿನವನು. ಮುಂಬಯಿಯಲ್ಲೋ ದುಬೈಯಲ್ಲೋ ಇದ್ದುಕೊಂಡು ಊರಿನಲ್ಲಿ ಜಾಗ ಕೊಳ್ಳಲು ಹೊರಟವರು ಈಗೀಗ ನಮಗೆ ಕಾಗದ ತೋರಿಸುವುದಿಲ್ಲ, ವಾಟ್ಸಾಪ್ ಸಂದೇಶ ಕಳಿಸುತ್ತಾರೆ. ಹಳೆಯ ಕ್ರಯಪತ್ರದ ಅಕ್ಷರಗಳನ್ನು ಯಾರೋ ಕಂಪ್ಯೂಟರಿನಿಂದ ನಕಲು ಮಾಡಿ ಅಂಟಿಸಿರುತ್ತಾರೆ. ಕೊನೆಗೊಂದು ಸಾಲು: "ಪೂರ್ತಿ ಪತ್ರ ಕಳಿಸಿದ್ದೇನೆ, ಒಮ್ಮೆ ನೋಡಿ ಹೇಳಿ."

ಜಾಗ ಒಳ್ಳೆಯದೋ ಅಲ್ಲವೋ ಎನ್ನುವುದು ಆಮೇಲಿನ ಮಾತು. ಕೈಗೆ ಬಂದದ್ದು ಪೂರ್ತಿ ಪತ್ರವೇ ಎಂದು ಮೊದಲು ತಿಳಿಯಬೇಕು. ಮೂಲಪತ್ರ ಎದುರಿಗಿಲ್ಲದಿದ್ದರೂ ಇದನ್ನು ಬಹುಮಟ್ಟಿಗೆ ಕಂಡುಹಿಡಿಯಬಹುದು. ಏಕೆಂದರೆ ಪತ್ರವು ತನ್ನಲ್ಲಿ ಏನೇನು ಇದೆ ಎಂದು ಅಲ್ಲಲ್ಲಿ ತಾನೇ ಹೇಳಿಕೊಂಡಿರುತ್ತದೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಉಡುಪಿ ತಾಲೂಕಿನ ಒಂದು ಗ್ರಾಮದಲ್ಲಿ 12 ಸೆಂಟ್ಸ್ ಜಾಗ, ಕ್ರಯ 30 ಲಕ್ಷ ರೂಪಾಯಿ. ಸಂದೇಶ ಉದ್ದವಾಗಿದ್ದರೆ ವಾಟ್ಸಾಪ್ ಸ್ವಲ್ಪವನ್ನೇ ತೋರಿಸಿ ಉಳಿದದ್ದನ್ನು ಮಡಚಿಡುತ್ತದೆ. ಮೊದಲು ಅದನ್ನು ಒತ್ತಿ ಪೂರ್ತಿ ಬಿಚ್ಚಿಕೊಳ್ಳಿ. ಮಡಚಿದ್ದನ್ನೇ ಕತ್ತರಿಸಿದ್ದು ಎಂದುಕೊಂಡು ಜಗಳಕ್ಕೆ ಹೋದವರೂ ಇದ್ದಾರೆ.

ಬಿಚ್ಚಿದ ಮೇಲೆ ನಾನು ನೇರವಾಗಿ ಕೊನೆಗೆ ಹೋಗುತ್ತೇನೆ. ಅಲ್ಲಿ ಹೀಗಿದೆ ಎನ್ನೋಣ: "ಈ ಸ್ಥಿರಾಸ್ತಿಯ ಮೇಲೆ ಮುಂದೆ ಯಾವುದೇ ತಕರಾರು ಬಂದಲ್ಲಿ ಅದನ್ನು ನಾನು ನನ್ನ ಸ್ವಂತ ಖರ್ಚಿನಿಂದ ಪರಿಹರಿಸಿ". ಅಲ್ಲಿಗೆ ನಿಂತಿದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ "ಪರಿಹರಿಸಿ" ಎಂದು ತೂಗಾಡುವ ಸಾಲು ಮಗುವಿಗೂ ಗೊತ್ತಾಗುತ್ತದೆ. ಇಂಥದ್ದು ಸುಲಭ. ಕಷ್ಟವಿರುವುದು ವಾಕ್ಯ ಪೂರ್ಣವಿರಾಮದವರೆಗೆ ಸರಿಯಾಗಿ ಮುಗಿದು, ಪತ್ರ ಮಾತ್ರ ಮುಗಿಯದಿರುವಾಗ. "ಪರಿಹರಿಸಿಕೊಡುತ್ತೇನೆ" ಎಂದು ಅಚ್ಚುಕಟ್ಟಾಗಿ ನಿಂತರೆ ಓದುವವರಿಗೆ ಸಮಾಧಾನವಾಗಿಬಿಡುತ್ತದೆ. ಆದರೆ ಕ್ರಯಪತ್ರ ಅಲ್ಲಿ ಮುಗಿಯುವ ಜಾತಿಯದಲ್ಲ. ಸ್ವಸಂತೋಷದಿಂದ ಸಾಕ್ಷಿಗಳ ಸಮಕ್ಷಮ ಬರೆದುಕೊಟ್ಟದ್ದು ಎಂಬ ಮಾತು ಬರಬೇಕು. ಷೆಡ್ಯೂಲು ಇರಬೇಕು. ಕೊಟ್ಟವರ ಸಹಿ, ಸಾಕ್ಷಿಗಳು, ಪತ್ರ ಬರೆದವರ ಹೆಸರು, ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿಯ ಷರಾ, ಇವೆಲ್ಲ ಇರಬೇಕು. ಸಹಿ, ಮೊಹರು ಅಕ್ಷರಗಳಲ್ಲದ ಕಾರಣ ನಕಲು ಮಾಡಿದಾಗ ಬಿಟ್ಟುಹೋಗುವುದು ಸಹಜ. ಅದನ್ನು ನಾನು ದೊಡ್ಡದು ಮಾಡುವುದಿಲ್ಲ. ಷೆಡ್ಯೂಲು ಹಾಗಲ್ಲ, ಅದು ಅಕ್ಷರವೇ.

ಷೆಡ್ಯೂಲು ಎಂದರೆ ಜಾಗದ ಗುರುತು: ಗ್ರಾಮ, ಸರ್ವೆ ನಂಬರು, ವಿಸ್ತೀರ್ಣ, ನಾಲ್ಕು ದಿಕ್ಕಿನ ಚಕ್ಕುಬಂದಿ. ಪತ್ರದ ಒಡಲಲ್ಲಿ ಜಾಗವನ್ನು ಪದೇ ಪದೇ ವಿವರಿಸುವ ಕಷ್ಟ ಬೇಡವೆಂದು "ಈ ಕೆಳಗೆ ಷೆಡ್ಯೂಲಿನಲ್ಲಿ ಕಾಣಿಸಿದ ಸ್ಥಿರಾಸ್ತಿ" ಎಂದು ಬರೆಯುತ್ತೇವೆ. ಹಾಗಾಗಿ ಸಂದೇಶದಲ್ಲಿ "ಷೆಡ್ಯೂಲು" ಎಂಬ ಶಬ್ದವನ್ನೇ ಹುಡುಕಿ, ಪ್ರತಿ ಸಲ ಅದರ ಜೊತೆಗೆ ಏನಿದೆ ನೋಡಿ. ನಮ್ಮ ಉದಾಹರಣೆಯ ಪತ್ರ ಹಾಗೆ ನಡುವೆ ನಿಲ್ಲದೆ ಷೆಡ್ಯೂಲಿನವರೆಗೂ ಬಂದಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಒಂದು ಕಡೆ "ಎ ಷೆಡ್ಯೂಲು ಸ್ಥಿರಾಸ್ತಿ" ಎಂದಿದೆ, ಇನ್ನೊಂದು ಕಡೆ "ಬಿ ಷೆಡ್ಯೂಲಿನಲ್ಲಿ ಕಾಣಿಸಿದ ದಾರಿಯ ಹಕ್ಕಿನೊಂದಿಗೆ" ಎಂದಿದೆ. ಕೊನೆಯಲ್ಲಿ ಅಂಟಿಸಿರುವುದು ಎ ಷೆಡ್ಯೂಲು ಮಾತ್ರ. ಪತ್ರ ನೋಡಲು ತುಂಬಿಕೊಂಡಂತೆಯೇ ಇದೆ. ಬಿಟ್ಟುಹೋದದ್ದು ದಾರಿ! ನಮ್ಮ ಕರಾವಳಿಯಲ್ಲಿ ಒಬ್ಬರ ತೋಟದ ಅಂಚಿನಿಂದ ಇನ್ನೊಬ್ಬರ ಮನೆಗೆ ಹೋಗುವುದು ಹೊಸದೇನಲ್ಲ. ಆ ದಾರಿ ಎಷ್ಟು ಅಡಿ, ರಿಕ್ಷಾ ಹೋಗುತ್ತದೆಯೋ ನಡೆದೇ ಹೋಗಬೇಕೋ ಎನ್ನುವುದು ಆ ಬಿ ಷೆಡ್ಯೂಲಿನಲ್ಲಿದೆ.

ಈಗ ನಕ್ಷೆ. ಎ ಷೆಡ್ಯೂಲಿನಲ್ಲಿ "ಸದರಿ ಸರ್ವೆ ನಂಬರಿನ ಪೈಕಿ 12 ಸೆಂಟ್ಸ್, ಲಗತ್ತಿಸಿದ ನಕ್ಷೆಯಲ್ಲಿ ಕೆಂಪು ಗೆರೆಯಿಂದ ತೋರಿಸಿದ್ದು" ಎಂದಿದ್ದರೆ, "ಪೈಕಿ" ಎಂಬಲ್ಲಿ ಬೆರಳಿಟ್ಟು ನಿಲ್ಲಿ. ಇಡೀ ಸರ್ವೆ ನಂಬರು ಮಾರಾಟವಾಗಿಲ್ಲ, ಅದರೊಳಗಿನ ಒಂದು ತುಂಡು ಮಾರಾಟವಾಗಿದೆ. ಮೂಲದಲ್ಲಿ 1 ಎಕರೆ, ಅಂದರೆ 100 ಸೆಂಟ್ಸ್ ಇದ್ದರೆ ಈ 12 ಯಾವ ಮೂಲೆಯದು? ಚಕ್ಕುಬಂದಿಯಲ್ಲಿ ಮೂರು ಕಡೆ "ಇದೇ ಸರ್ವೆ ನಂಬರಿನ ಉಳಿಕೆ ಜಾಗ" ಎಂದಿದ್ದರೆ ಅಕ್ಷರ ಎಷ್ಟು ಓದಿದರೂ ತುಂಡು ಸಿಗುವುದಿಲ್ಲ. ಉತ್ತರ ಕೆಂಪು ಗೆರೆಯಲ್ಲಿದೆ, ಗೆರೆ ನಮ್ಮ ಹತ್ತಿರ ಇಲ್ಲ. ನಕ್ಷೆ ಚಿತ್ರವಾಗಿರುವುದರಿಂದ ಅಕ್ಷರ ನಕಲು ಮಾಡುವಾಗ ಸದ್ದಿಲ್ಲದೆ ಕಳಚಿಕೊಳ್ಳುತ್ತದೆ. ಅದಿದ್ದ ಜಾಗದಲ್ಲಿ ಒಂದು ಖಾಲಿ ಸಾಲೂ ಉಳಿದಿರುವುದಿಲ್ಲ. ಆದ್ದರಿಂದ "ಲಗತ್ತಿಸಿದ", "ನಕ್ಷೆಯಲ್ಲಿ", "ಬಣ್ಣದಿಂದ ಗುರುತಿಸಿದ" ಎಂಬ ಮಾತುಗಳೇ ಅದರ ಕುರುಹು.

ತುದಿ ಸರಿಯಿದ್ದು ನಡುವೆ ಕಳೆದುಹೋಗುವುದು ಇವೆಲ್ಲಕ್ಕಿಂತ ಮೋಸದ್ದು. ಎರಡು ಸಲ ನಕಲು ಮಾಡಿ ಜೋಡಿಸುವಾಗ ಒಂದು ಹಾಳೆ ತಪ್ಪಿಹೋಗುತ್ತದೆ. ಷರತ್ತುಗಳಿಗೆ ಅಂಕಿ ಹಾಕಿದ್ದರೆ 5ರಿಂದ 8ಕ್ಕೆ ಹಾರಿರುವುದು ಕಾಣುತ್ತದೆ. ಅಂಕಿಯಿಲ್ಲದ ಪತ್ರದಲ್ಲಿ ಹಣ ಕೂಡಿಸಿ ನೋಡಿ. ನಮ್ಮ ಪತ್ರದಲ್ಲಿ ಮುಂಗಡ 3 ಲಕ್ಷ, ಚೆಕ್ಕಿನಲ್ಲಿ 15 ಲಕ್ಷ, ಒಟ್ಟು 18 ಲಕ್ಷ ಲೆಕ್ಕಕ್ಕೆ ಸಿಗುತ್ತದೆ. ಆಮೇಲೆ "ಮೇಲೆ ಹೇಳಿದ ಸಾಲದ ಖಾತೆಗೆ ಜಮೆ ಮಾಡಿದ ಮೊಬಲಗು ಸೇರಿ ಪೂರ್ತಿ 30 ಲಕ್ಷ ಸಂದಾಯವಾಗಿದೆ" ಎಂದಿದೆ. 12 ಲಕ್ಷಕ್ಕೆ ವಿವರವಿಲ್ಲ. ಮೇಲೆ ಎಷ್ಟು ಹುಡುಕಿದರೂ ಯಾವ ಸಾಲದ ಪ್ರಸ್ತಾಪವೂ ಇಲ್ಲ. ಅಂದರೆ ಜಾಗ ಬ್ಯಾಂಕಿಗೆ ಅಡವಿದ್ದದ್ದನ್ನು, ಅದನ್ನು ಬಿಡಿಸಿದ ಬಗೆಯನ್ನು ಹೇಳುವ ಪರಿಚ್ಛೇದವೇ ಹೋಗಿದೆ. ಕೊಳ್ಳುವವರು ಎಲ್ಲಕ್ಕಿಂತ ಮೊದಲು ಓದಬೇಕಾದ ಪರಿಚ್ಛೇದ ಅದು.

ಇಷ್ಟಾದ ಮೇಲೂ ಪತ್ರ ಅಂಟಿಸಿ ಕಳಿಸಿದ ದಲ್ಲಾಳಿಯನ್ನು ಬೈಯಲು ಹೊರಡಬೇಡಿ. ಕೊರತೆ ಇದೆ ಎನ್ನುವುದನ್ನು ಪಠ್ಯ ಹೇಳುತ್ತದೆ, ಕೊರತೆ ಎಲ್ಲಿ ಹುಟ್ಟಿತು ಎನ್ನುವುದನ್ನು ಹೇಳುವುದಿಲ್ಲ. ಅಂಟಿಸುವಾಗ ಬಿದ್ದಿರಬಹುದು, ಬೇಕೆಂದೇ ಬಿಟ್ಟಿರಬಹುದು, ಮೂಲದಲ್ಲೇ ಇಲ್ಲದಿರಬಹುದು. ಹಳೆಯ ಪತ್ರದ ನಮೂನೆ ಇಟ್ಟುಕೊಂಡು ಹೊಸದು ಬರೆಯುವಾಗ "ಲಗತ್ತಿಸಿದ ನಕ್ಷೆ" ಎಂಬ ಮಾತು ನಕ್ಷೆಯಿಲ್ಲದೆಯೇ ಉಳಿದುಬಿಡುವುದು ನಮ್ಮ ಕಸುಬಿನಲ್ಲಿ ನಡೆಯುವಂಥದ್ದೇ. ಕರಡು ಪ್ರತಿಯಾಗಿದ್ದರೆ ಷೆಡ್ಯೂಲು ಇನ್ನೂ ಬರೆದೇ ಇರಲಿಕ್ಕಿಲ್ಲ. ದಿನಾಂಕದ ಜಾಗ ಖಾಲಿ ಇದೆಯೇ ನೋಡಿದರೆ ಅದರ ಸುಳಿವು ಸಿಗುತ್ತದೆ. ನೋಂದಣಿಯಾದ ಪತ್ರದ ಮಾತು ಬೇರೆ. 1908ರ ನೋಂದಣಿ ಕಾಯ್ದೆಯ 21ನೇ ಕಲಮಿನಂತೆ ಸ್ಥಿರಾಸ್ತಿಯನ್ನು ಗುರುತಿಸಲು ಸಾಕಾಗುವಷ್ಟು ವಿವರಣೆ ಪತ್ರದಲ್ಲಿರಬೇಕು. ಪತ್ರದಲ್ಲಿ ನಕ್ಷೆಯಿದ್ದರೆ ಅದರ ಪ್ರತಿಯನ್ನೂ ನೋಂದಣಿಗೆ ಕೊಡಬೇಕು.

ಹಾಗಾಗಿ ಕೇಳಬೇಕಾದದ್ದನ್ನು ಹೆಸರು ಹಿಡಿದು ಕೇಳಿ. "ಪೂರ್ತಿ ಕಳಿಸಿ" ಎಂದರೆ ಅದೇ ಸಂದೇಶ ಮತ್ತೊಮ್ಮೆ ಬರುತ್ತದೆ. "ಬಿ ಷೆಡ್ಯೂಲು, ಕೆಂಪು ಗೆರೆಯ ನಕ್ಷೆ, ಸಾಲದ ಪರಿಚ್ಛೇದವಿರುವ ಹಾಳೆ, ಇವುಗಳ ಫೋಟೊ ಕಳಿಸಿ; ದಸ್ತಾವೇಜಿನ ನಂಬರು ಮತ್ತು ವರ್ಷವನ್ನೂ ತಿಳಿಸಿ" ಎಂದು ಬರೆಯಿರಿ. ಫೋಟೊ ಬಂದರೆ ಹಾಳೆಗಳ ಮೇಲಿನ ಸಂಖ್ಯೆಗಳನ್ನು ಸಾಲಾಗಿ ಜೋಡಿಸಿ ನೋಡಿ. ಬಾರದಿದ್ದರೆ ಆ ನಂಬರು ಹಿಡಿದು ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಬಹುದು. ಅರ್ಜಿಯಲ್ಲಿ "ನಕ್ಷೆ ಸಹಿತ" ಎಂಬ ಎರಡು ಶಬ್ದ ಬರೆಯಲು ಮರೆಯಬೇಡಿ.

ನಮಸ್ಕಾರ.