‘ಭಯ ಬೇಡ’ ಅಂದ್ರೆ ಭಯ ಶುರು

ನಮಸ್ಕಾರ. ಕಳೆದ ತಿಂಗಳು ಒಂದು ಕೆಲಸ ಬಂತು. ಮಹಿಳೆಯರಿಗೆ ಮಾತ್ರ ಅಂತ ಹೊಸ ಕ್ಯಾಬ್ ಸರ್ವಿಸ್, ಓಡಿಸೋರೂ ಮಹಿಳೆಯರೇ. ಅದಕ್ಕೊಂದು ಟ್ಯಾಗ್‌ಲೈನ್, ಬುಕ್ ಮಾಡಿದ ತಕ್ಷಣ ಫೋನಿಗೆ ಬರೋ ಸ್ವಾಗತದ ಸಂದೇಶ, ಇವೆರಡು ಬೇಕಿತ್ತು. ಅವರೇ ಬರೆದಿಟ್ಟಿದ್ದು ಹೀಗಿತ್ತು: ‘ಭಯ ಬೇಡ, ನಾವಿದ್ದೇವೆ. ನಿಮ್ಮ ಸುರಕ್ಷತೆಯೇ ನಮ್ಮ ಆದ್ಯತೆ. ನಮ್ಮ ಚಾಲಕಿಯರಿಗೆ ಸ್ವರಕ್ಷಣೆಯ ತರಬೇತಿ ಇದೆ. ಅಪಾಯವಾದರೆ ಕೆಂಪು ಬಟನ್ ಒತ್ತಿ.’

ಇದನ್ನ ನಮ್ಮ ಚಿಕ್ಕಮ್ಮನಿಗೆ ಓದಿ ಹೇಳ್ದೆ. ಅವರು ಹುರುಳಿಕಾಯಿ ನಾರು ಬಿಡಿಸ್ತಾ ಕೂತಿದ್ರು. ತಲೆ ಎತ್ತಿ ಕೇಳಿದ್ದು ಒಂದೇ ಮಾತು: ‘ಯಾಕೇ, ಅವರ ಗಾಡಿಯಲ್ಲಿ ಏನಾದ್ರೂ ಆಗಿತ್ತಾ?’

ನೋಡಿ, ಎಡವಟ್ಟಾಗಿದ್ದು ಅಲ್ಲೇ. ರಾತ್ರಿ ಹನ್ನೊಂದೂವರೆಗೆ ಗಾಡಿ ಬುಕ್ ಮಾಡಿದವಳು ಅಪಾಯದ ಯೋಚನೆಯಲ್ಲೇ ಇರಬೇಕು ಅಂತೇನಿಲ್ಲ. ನಿದ್ದೆ ಬರ್ತಿರುತ್ತೆ, ಕಾಲು ನೋಯ್ತಿರುತ್ತೆ. ಅವಳ ತಲೆಗೆ ‘ಭಯ’ ಅನ್ನೋ ಪದ ತಂದವರು ನೀವು. ಹಿಂದೆ ‘ಬೇಡ’ ಸೇರಿಸಿದ್ರೂ ಕಿವಿಗೆ ಮೊದಲು ಬಿದ್ದಿದ್ದು ಭಯಾನೇ. ಇನ್ನು ಸ್ವರಕ್ಷಣೆ ತರಬೇತಿ ಒಳ್ಳೇದೇ, ಡ್ರೈವರ್‌ಗೆ ಅದು ಬೇಕು. ಆದ್ರೆ ನಾನು ಮಲ್ಲೇಶ್ವರದಿಂದ ಜಯನಗರಕ್ಕೆ ಹೋಗೋಳು, ನನಗ್ಯಾಕೆ ಹೇಳ್ತೀರಿ?

2019ರ ಜನವರಿಯಲ್ಲಿ ರಾಜ್ಯ ಸರ್ಕಾರದ ಪ್ರವಾಸೋದ್ಯಮ ನಿಗಮ ಕೆಎಸ್‌ಟಿಡಿಸಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಮಹಿಳೆಯರೇ ಓಡಿಸೋ ಟ್ಯಾಕ್ಸಿ ತಂದಾಗ ಇಟ್ಟ ಹೆಸರು ‘ಗೋ ಪಿಂಕ್’. ಗುಲಾಬಿ ಬಣ್ಣ ನನಗೆ ಅಷ್ಟಕ್ಕಷ್ಟೆ. ಆದ್ರೂ ಆ ಹೆಸರಲ್ಲಿ ಹೆದರಿಕೆ ಇಲ್ಲ, ಗಾಡಿ ದೂರದಿಂದ ಗುರುತು ಸಿಗುತ್ತೆ ಅಷ್ಟೆ.

ಟ್ಯಾಗ್‌ಲೈನ್ ಹುಡುಕೋಕೆ ನಾನು ಹೆಚ್ಚು ದೂರ ಹೋಗಲಿಲ್ಲ. ನಮ್ಮ ಮನೆಗಳಲ್ಲಿ ಹೊರಡೋವಾಗ ‘ಹೋಗ್ತೀನಿ’ ಅಂದ್ರೆ ಬೈಸಿಕೊಳ್ತೀವಿ, ‘ಹೋಗಿ ಬರ್ತೀನಿ’ ಅನ್ನಬೇಕು. ವಾಪಸ್ ಬರೋದು ಆ ಮಾತಿನೊಳಗೇ ಇದೆ. ಮೊದಲು ಬರೆದಿದ್ದು, ‘ಹೋಗಿ ಬರ್ತೀನಿ ಅಂದ್ರೆ, ಬಂದೇ ಬರ್ತೀರಿ.’ ಓದಿ ನಾನೇ ಬೆಚ್ಚಿಬಿದ್ದೆ, ಬರದೇ ಇರೋರೂ ಇದ್ದಾರೆ ಅಂದ ಹಾಗಾಯ್ತು! ಎಲ್ಲ ಹೊಡೆದು ಹಾಕಿ ಎರಡೇ ಪದ ಉಳಿಸಿಕೊಂಡೆ: ‘ಹೋಗಿ ಬನ್ನಿ.’

ಸಂದೇಶ ಬರೆಯೋದು ಇನ್ನೂ ಕಷ್ಟ. ಕನ್ನಡದಲ್ಲಿ ಕಳಿಸಿದ್ರೆ ಒಂದು ಎಸ್ಸೆಮ್ಮೆಸ್‌ಗೆ 70 ಅಕ್ಷರ ಅಷ್ಟೆ, ಅದರಲ್ಲಿ ಒತ್ತು, ಕೊಂಬು ಎಲ್ಲ ಬೇರೆ ಬೇರೆ ಲೆಕ್ಕ. ಉದ್ದವಾದ್ರೆ ತುಂಡು ತುಂಡಾಗಿ ಹೋಗುತ್ತೆ, ತುಂಡಿಗಿಷ್ಟು ಅಂತ ದುಡ್ಡು. ‘ನಿಮ್ಮ ಸುರಕ್ಷತೆಯೇ ನಮ್ಮ ಆದ್ಯತೆ’ ಅನ್ನೋದೇ 28 ತಿನ್ನುತ್ತೆ, ಹೇಳೋದು ಮಾತ್ರ ಸೊನ್ನೆ. ಅದರ ಬದಲು ಮುಂದೆ ಏನೇನಾಗುತ್ತೆ ಅಂತ ಬರೆದೆ. ಡ್ರೈವರ್ ಹೆಸರು, ಗಾಡಿ ನಂಬರು ಉದಾಹರಣೆಗೆ ಹಾಕಿದ್ದು:

‘ಸವಿತಾ ಬರ್ತಿದ್ದಾರೆ, 6 ನಿಮಿಷ. ಬಿಳಿ ಡಿಸೈರ್, ನಂಬರ್ ಕೊನೆಗೆ 4172. ನಂಬರ್ ನೋಡಿ ಹತ್ತಿ, ಓಟಿಪಿ ಹೇಳಿ. ಮನೆಯವರಿಗೂ ದಾರಿ ಕಾಣಬೇಕಿದ್ರೆ ಶೇರ್ ಮಾಡಿ. ನೀವು ಇಳಿದು ಗೇಟ್ ಒಳಗೆ ಹೋಗೋವರೆಗೂ ಗಾಡಿ ನಿಂತಿರುತ್ತೆ.’

‘ಸುರಕ್ಷಿತ’ ಅನ್ನೋ ಪದ ಎಲ್ಲೂ ಇಲ್ಲ. ಪ್ರತಿ ಸಾಲೂ ಅದರ ಕೆಲಸಾನೇ ಮಾಡ್ತಿದೆ. ಎರಡು ತುಂಡಲ್ಲಿ ಹಿಡಿಸಲ್ಲ, ದುಡ್ಡು ಜಾಸ್ತಿ ಆಗುತ್ತೆ ಅಂತ ಅವರು ಗೊಣಗಿದ್ರು. ಹೆಸರು, ನಂಬರು, ಓಟಿಪಿ ಎಸ್ಸೆಮ್ಮೆಸ್‌ಗೆ, ಉಳಿದಿದ್ದು ಆ್ಯಪ್‌ಗೆ ಅಂತ ರಾಜಿಯಾಯ್ತು.

ಕೊನೆಯ ಸಾಲಿಗೇ ಜಗಳ. ಗೇಟ್ ಮುಂದೆ ನಿಲ್ಲೋ ಎರಡು ನಿಮಿಷಕ್ಕೆ ಡ್ರೈವರ್‌ಗೆ ಯಾರು ಕೊಡ್ತಾರೆ? ನಾನಂದೆ, ಕಂಪನಿ ಕೊಡಲಿ, ಇಲ್ದಿದ್ರೆ ಆ ಸಾಲು ತೆಗೀರಿ. ಬರೆದು ನಡೆಸದೇ ಇದ್ದರೆ ಮೊದಲ ದಿನವೇ ಗೊತ್ತಾಗುತ್ತೆ, ಆಮೇಲೆ ಬೇರೆ ಸಾಲುಗಳನ್ನೂ ಯಾರೂ ನಂಬಲ್ಲ.

ಹಾಗಂತ ಸಹಾಯದ ದಾರಿ ಮುಚ್ಚಿಡಬೇಕು ಅಂತಲ್ಲ. 2019ರಿಂದ ನೋಂದಣಿಯಾಗೋ ಟ್ಯಾಕ್ಸಿಗಳಲ್ಲಿ ಪ್ಯಾನಿಕ್ ಬಟನ್ ಕಡ್ಡಾಯ, ಅದನ್ನ ತೋರಿಸಲೇಬೇಕು. ಆದ್ರೆ ಸ್ವಾಗತದಲ್ಲಿ ಅಲ್ಲ, ಬಟನ್ ಪಕ್ಕದಲ್ಲೇ, ಕತ್ತಲಲ್ಲೂ ಓದೋಕಾಗೋ ಅಕ್ಷರದಲ್ಲಿ: ‘ಸಹಾಯಕ್ಕೆ ಇಲ್ಲಿ ಒತ್ತಿ. ಪೊಲೀಸ್ 112.’ ಅಷ್ಟು ಸಾಕು.

ಇನ್ನೊಂದು ಸಂದೇಶ ಅವರು ಬರೆಸೋದನ್ನೇ ಮರೆತಿದ್ರು. ಮಹಿಳಾ ಡ್ರೈವರ್ ಯಾರೂ ಖಾಲಿ ಇಲ್ದಿದ್ರೆ? ಸದ್ದಿಲ್ಲದೆ ಗಂಡಸನ್ನ ಕಳಿಸಿಬಿಟ್ರೆ ಆವತ್ತಿಗೆ ಅಂಗಡಿ ಮುಚ್ಚಿದ ಹಾಗೆ. ‘ಈಗ ಯಾರೂ ಖಾಲಿ ಇಲ್ಲ. 25 ನಿಮಿಷದಲ್ಲಿ ಒಬ್ಬರು ಸಿಗ್ತಾರೆ. ಕಾಯ್ತೀರಾ?’ ಅಂತ ಬರೆದುಕೊಟ್ಟೆ. ಹಾಗೇ ಗಂಡ, ಅಣ್ಣ, ಹತ್ತು ವರ್ಷದ ಮಗ ಜೊತೆಗೆ ಹತ್ತಬಹುದಾ ಅಂತಲೂ ಮೊದಲೇ ಹೇಳಿ ಅಂದೆ. ಗಾಡಿ ಬಾಗಿಲಲ್ಲಿ ಡ್ರೈವರ್ ಕೈಲಿ ಅದನ್ನ ಹೇಳಿಸಬಾರದು.

ಹೊಸದನ್ನ ಚಿಕ್ಕಮ್ಮನಿಗೆ ಓದಿದೆ. ಈ ಸಲ ಕೇಳಿದ್ದು: ‘ಜಯನಗರಕ್ಕೆ ಎಷ್ಟಾಗುತ್ತಂತೆ?’ ಹೌದಲ್ಲ, ರೇಟೇ ಹಾಕಿರಲಿಲ್ಲ. ಹಾಕಿದೆ.