ತತ್ತಿ ಆಗಿಬರದ ಮಗುವಿಗೂ ದಡಾರದ ಲಸಿಕೆ ಹಾಕಿಸಿ

ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಮಕ್ಕಳ ಡಾಕ್ಟರ್. ಇವತ್ತು ನೇರವಾಗಿ ಹೇಳಿಬಿಡ್ತೀನಿ: ತತ್ತಿ ಅಲರ್ಜಿ ಇದೆ ಅನ್ನೋ ಒಂದೇ ಕಾರಣಕ್ಕೆ ಮಗುವಿಗೆ ದಡಾರ-ರುಬೆಲ್ಲಾ ಲಸಿಕೆ ತಪ್ಪಿಸಬಾರದು.

ಗದಗ ಕಡೆಯ ಒಂದು ಹಳ್ಳಿಯಿಂದ ಬಂದ ಮಗುವಿನ ಕಥೆ ಕೇಳಿ. ಎಂಟನೇ ತಿಂಗಳಲ್ಲಿ ಅಜ್ಜಿ ಕುದಿಸಿದ ತತ್ತಿಯ ಒಂದು ಚೂರು ತಿನ್ನಿಸಿದರು. ಸ್ವಲ್ಪ ಹೊತ್ತಿಗೇ ತುಟಿ ಊದಿತು, ಮೈತುಂಬ ಗಂಧೆ ಎದ್ದವು, ಎರಡು ಸಲ ವಾಂತಿ ಆಯಿತು. ಇದು ನಿಜವಾದ ಅಲರ್ಜಿಯೇ, ಅದರಲ್ಲಿ ಅನುಮಾನ ಇಲ್ಲ. ಆಮೇಲೆ ಒಂಬತ್ತು ತಿಂಗಳು ತುಂಬಿತು, ಲಸಿಕೆ ಹಾಕಿಸೋ ದಿನ ಬಂತು. ಆದರೆ ಯಾರೋ "ಆ ಲಸಿಕೆ ತತ್ತಿಯಿಂದ ಮಾಡ್ತಾರೆ, ಬೇಡವೇ ಬೇಡ" ಅಂದರು. ತಾಯಿ ಕಾರ್ಡ್‌ನಲ್ಲಿ ಆ ಜಾಗ ಖಾಲಿಯೇ ಉಳಿಯಿತು.

ಈ ಮಾತು ಎಲ್ಲಿಂದ ಬಂತು ಅಂದರೆ, ಕೆಲವು ಕಂಪನಿಗಳು ದಡಾರದ ವೈರಸ್ ಅನ್ನು ಕೋಳಿ ಭ್ರೂಣದಿಂದ ತೆಗೆದ ಜೀವಕೋಶಗಳಲ್ಲಿ ಬೆಳೆಸುತ್ತವೆ. ಇನ್ನು ಕೆಲವು ಮನುಷ್ಯರ ಜೀವಕೋಶಗಳಲ್ಲಿ ಬೆಳೆಸುತ್ತವೆ, ಅಲ್ಲಿ ಕೋಳಿಯ ಸಂಬಂಧವೇ ಇಲ್ಲ. ಕೋಳಿ ಜೀವಕೋಶ ಅಂದ ಮಾತ್ರಕ್ಕೆ ತತ್ತಿಯ ಬಿಳಿ ಭಾಗವೋ ಹಳದಿ ಭಾಗವೋ ಅದರಲ್ಲಿದೆ ಅಂತಲ್ಲ. ತತ್ತಿಯ ಪ್ರೋಟೀನ್ ಉಳಿದರೂ ಅಲರ್ಜಿ ಎಬ್ಬಿಸುವಷ್ಟು ಇರೋದಿಲ್ಲ. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತತ್ತಿ ಅಲರ್ಜಿ ಇದ್ದ 54 ಮಕ್ಕಳಿಗೆ, ಅದರಲ್ಲೂ ತೀವ್ರ ಅಲರ್ಜಿ ಇದ್ದವರೂ ಸೇರಿ, ದಡಾರದ ಅಂಶ ಇರೋ ಲಸಿಕೆ ಕೊಟ್ಟರು. ಒಬ್ಬರಿಗೂ ತೊಂದರೆ ಆಗಲಿಲ್ಲ.

ಹಾಗಾದರೆ ಯಾರಿಗೂ ರಿಯಾಕ್ಷನ್ ಆಗೋದೇ ಇಲ್ವಾ? ಆಗುತ್ತೆ, ಆದರೆ ತುಂಬಾ ಅಪರೂಪ. ಜಪಾನಿನಲ್ಲಿ 1990ರ ದಶಕದಲ್ಲಿ ಹಾಗೆ ಆದ ಮಕ್ಕಳನ್ನು ಪರೀಕ್ಷೆ ಮಾಡಿದಾಗ ಬಹಳಷ್ಟು ಸಲ ಸಿಕ್ಕಿದ್ದು ತತ್ತಿಯಲ್ಲ, ಜೆಲಟಿನ್. ಲಸಿಕೆ ಕೆಡದಂತೆ ಇರಲಿ ಅಂತ ಹಾಕೋ ವಸ್ತು ಅದು. ಅದಕ್ಕೇ ನಾನು ಆ ತಾಯಿಗೆ ತತ್ತಿಗಿಂತ ಜಾಸ್ತಿ ಬೇರೆ ಪ್ರಶ್ನೆ ಕೇಳಿದೆ. ಮಗು ಜೆಲ್ಲಿ ಮಿಠಾಯಿ ತಿಂದಾಗ ಏನಾದರೂ ಆಗಿತ್ತಾ? ಮುಂಚಿನ ಯಾವುದಾದರೂ ಲಸಿಕೆ ಆದ ಮೇಲೆ ಉಸಿರಾಟಕ್ಕೆ ಕಷ್ಟ ಆಗಿತ್ತಾ? ನಿಯೋಮೈಸಿನ್ ಅನ್ನೋ ಔಷಧಿಗೆ ತೀವ್ರ ಅಲರ್ಜಿ ಆಗಿತ್ತಾ? ಎಲ್ಲದಕ್ಕೂ ಇಲ್ಲ ಅಂದರು. ಅವತ್ತೇ ಲಸಿಕೆ ಹಾಕಿ, ಅರ್ಧ ಗಂಟೆ ಕೂರಿಸಿಕೊಂಡು ಕಳಿಸಿದೆವು. ಏನೂ ಆಗಲಿಲ್ಲ.

ಹಿಂದೆ ಜೇನುಹುಳ ಕಚ್ಚಿಯೋ ಶೇಂಗಾ ತಿಂದೋ ಜೀವಕ್ಕೆ ಬರುವಂಥ ರಿಯಾಕ್ಷನ್ ಆಗಿದ್ದವರಿಗೂ ಇದೇ ಮಾತು. ಅದು ಲಸಿಕೆಗೆ ಅಡ್ಡಿಯಲ್ಲ, ಆದರೆ ಮುಚ್ಚಿಡಬೇಡಿ, ಹಾಕುವವರಿಗೆ ಮೊದಲೇ ಹೇಳಿ. ಅಡ್ಡಿಯಾಗೋದು ಅದೇ ಲಸಿಕೆಯ ಹಿಂದಿನ ಡೋಸ್‌ಗೆ, ಇಲ್ಲವೇ ಅದರಲ್ಲಿರೋ ವಸ್ತುವಿಗೆ ಹಾಗೆ ಆಗಿದ್ದರೆ. ಆಗ ತಜ್ಞರು ನೋಡದೆ ಮುಂದಿನ ಡೋಸ್ ಬೇಡ. ಇನ್ನು ಹಳದಿ ಜ್ವರದ ಲಸಿಕೆಯ ವಿಷಯವೇ ಬೇರೆ. ಆಫ್ರಿಕಾದ ಕೆಲವು ದೇಶಗಳಿಗೆ ಹೋಗುವವರು ಹಾಕಿಸಿಕೊಳ್ಳೋ ಅದನ್ನು ತತ್ತಿಯಲ್ಲೇ ಬೆಳೆಸುತ್ತಾರೆ, ತೀವ್ರ ತತ್ತಿ ಅಲರ್ಜಿ ಇದ್ದವರು ಸುಮ್ನೆ ಹೋಗಿ ಹಾಕಿಸಿಕೊಳ್ಳಬಾರದು.

ಆ ಅರ್ಧ ಗಂಟೆಯಲ್ಲಿ ಏನು ನೋಡಬೇಕು? ಸೂಜಿ ಭಯಕ್ಕೆ ತಲೆಸುತ್ತಿ ಬಿದ್ದವರ ಮುಖ ಬಿಳಚುತ್ತೆ, ನಾಡಿ ನಿಧಾನ ಆಗುತ್ತೆ, ಮಲಗಿಸಿದರೆ ಬೇಗ ಸುಧಾರಿಸುತ್ತಾರೆ. ಅಲರ್ಜಿಯಾದರೆ ಹೆಚ್ಚಾಗಿ ಗಂಧೆ ಏಳುತ್ತವೆ, ತುಟಿ ಊದುತ್ತೆ, ಉಸಿರಿನಲ್ಲಿ ಸೀಟಿ ಸದ್ದು ಬರುತ್ತೆ, ನಾಡಿ ಓಡುತ್ತೆ. ಚಿಕ್ಕ ಮಗು ಒಮ್ಮೆಲೇ ಜೋಲುಬಿದ್ದರೂ ಗಾಬರಿಪಡಬೇಕಾದ ವಿಷಯವೇ. ಆಗ ಮೊದಲು ಕೊಡಬೇಕಾದದ್ದು ಅಡ್ರಿನಲಿನ್, ತೊಡೆಯ ಹೊರಭಾಗದ ಸ್ನಾಯುವಿಗೆ. ಒಂದು ಎಂಎಲ್‌ನಲ್ಲಿ ಒಂದು ಮಿಲಿಗ್ರಾಂ ಇರೋ ಔಷಧಿಯಾದರೆ ಕೆಜಿಗೆ 0.01 ಎಂಎಲ್, ಅಂದರೆ 8 ಕೆಜಿ ಮಗುವಿಗೆ 0.08 ಎಂಎಲ್. ಇದನ್ನು ಕೊಡೋದು ಸಿಬ್ಬಂದಿಯ ಕೆಲಸ, ಆದರೆ ನೀವೂ ತಿಳಿದಿರಿ. ಯಾಕಂದ್ರೆ ನಮ್ಮ ಕಡೆ ಮೊದಲು ಅವಿಲ್ ಚುಚ್ಚಿ ಕಾಯುತ್ತಾ ಕೂರೋದನ್ನು ನಾನು ನೋಡಿದ್ದೀನಿ, ಅದು ಗಂಧೆಗೆ ಸರಿ, ಕಟ್ಟಿಕೊಂಡ ಉಸಿರನ್ನು ಬಿಡಿಸೋದಿಲ್ಲ. ಐದು ನಿಮಿಷಕ್ಕೂ ಸುಧಾರಿಸದಿದ್ದರೆ ಅಡ್ರಿನಲಿನ್ ಇನ್ನೊಮ್ಮೆ ಕೊಡಬಹುದು. ಸುಧಾರಿಸಿದರೂ ಮನೆಗೆ ಓಡಬೇಡಿ, ಕೆಲವರಿಗೆ ಗಂಟೆಗಳ ನಂತರ ಮತ್ತೆ ಮರುಕಳಿಸುತ್ತೆ.

ಅಕಸ್ಮಾತ್ ಹಾಗೇನಾದರೂ ಆದರೆ ಲಸಿಕೆಯ ಹೆಸರು, ಬ್ಯಾಚ್ ನಂಬರ್, ಎಷ್ಟು ನಿಮಿಷಕ್ಕೆ ಏನೇನು ಆಯಿತು, ಇಷ್ಟನ್ನೂ ಕಾರ್ಡ್‌ನಲ್ಲಿ ಬರೆಸಿಕೊಳ್ಳಿ. 16ನೇ ತಿಂಗಳಲ್ಲಿ ಎರಡನೇ ಡೋಸ್‌ಗೆ ಹೋದಾಗ "ಅಲರ್ಜಿ ಇದೆ" ಅನ್ನೋ ಎರಡು ಪದ ನೋಡಿ ಯಾವ ಡಾಕ್ಟರಿಗೂ ಏನೂ ನಿರ್ಧಾರ ಮಾಡೋಕೆ ಆಗಲ್ಲ.