ಎಂಸಿಬಿ ಟ್ರಿಪ್ ಆಗಲಿಲ್ಲ, ಬೋರ್ಡ್ ಕರಗಿತು

ನಿಮಗೆ ಈಗ ಕಾಣುತ್ತಿರುವುದು ಒಂದು ಎಕ್ಸ್‌ಟೆನ್ಶನ್ ಬೋರ್ಡ್. ಹಿಂದಿನ ಮುಚ್ಚಳ ಬಿಚ್ಚಿ ಇಟ್ಟಿದ್ದೇನೆ. ಒಳಗೆ ಉದ್ದಕ್ಕೆ ಹಿತ್ತಾಳೆ ಪಟ್ಟಿಗಳಿವೆ, ನೋಡಿ. ಮೂರನೇ ಸಾಕೆಟ್ ಹತ್ತಿರ ಪಟ್ಟಿ ಕಪ್ಪಾಗಿದೆ, ಅದರ ಸುತ್ತ ಪ್ಲಾಸ್ಟಿಕ್ ಕರಗಿ ಗಂಟು ಕಟ್ಟಿದೆ. ಇದು ವಿಜಯನಗರದ ಒಂದು ಪಿಜಿಯಲ್ಲಿ ನಮ್ಮ ಪಕ್ಕದ ರೂಮಿನಲ್ಲಿದ್ದ ಬೋರ್ಡ್. ಆ ಹುಡುಗರೇ ತಂದುಕೊಟ್ಟರು. ನಾನು ಡಿಪ್ಲೊಮಾದಲ್ಲಿ ಎಲೆಕ್ಟ್ರಿಕಲ್ ಓದಿದವನು ಅಂತ ಅವರಿಗೆ ಗೊತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ. "ಮಗಾ, ಇಷ್ಟೆಲ್ಲ ಸುಟ್ಟುಹೋದರೂ ಎಂಸಿಬಿ ಯಾಕೆ ಬೀಳಲಿಲ್ಲ?"

ಬಹಳ ಒಳ್ಳೆಯ ಪ್ರಶ್ನೆ ಇದು. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿಯೇ ಬಿದ್ದು ಲೈನ್ ಕಡಿಯುವ ಸ್ವಿಚ್. ಹಾಸ್ಟೆಲ್, ಪಿಜಿಗಳಲ್ಲಿ ಇರುವವರು ಹೆಚ್ಚಿನವರು ಇದೇ ಧೈರ್ಯದ ಮೇಲೆ ಇರುತ್ತಾರೆ. ಲೋಡ್ ಜಾಸ್ತಿಯಾದರೆ ಎಂಸಿಬಿ ಬೀಳುತ್ತದೆ, ಬಿದ್ದಿಲ್ಲ ಅಂದರೆ ಏನೂ ತೊಂದರೆಯಿಲ್ಲ ಅಂತ. ಅದು ನಿಜವಲ್ಲ. ಯಾಕೆ ಅಂತ ಇದೇ ಬೋರ್ಡ್ ಇಟ್ಟುಕೊಂಡು ಹೇಳುತ್ತೇನೆ.

ಆ ರೂಮಿನಲ್ಲಿ ನಾಲ್ಕು ಜನ. ಮಹಡಿ ಮೇಲೆ ಸೋಲಾರ್ ಇದೆ, ಆದರೆ ಮೋಡ ಮುಚ್ಚಿದ ದಿನ ಬಿಸಿನೀರು ಬರುವುದಿಲ್ಲ. ಅದಕ್ಕೆ 1500 ವಾಟ್‌ನ ಒಂದು ವಾಟರ್ ಹೀಟರ್ ರಾಡ್ ತಂದಿದ್ದರು. ಜೊತೆಗೆ ಟೀ, ಮ್ಯಾಗಿಗೆ ಅಂತ 1000 ವಾಟ್‌ನ ಕಾಯಿಲ್ ಒಲೆ. ಎರಡಕ್ಕೂ ಒಂದೇ ಬೋರ್ಡ್. ಬೆಳಿಗ್ಗೆ ರಾಡ್ ಬಕೆಟ್‌ನಲ್ಲಿ ಕಾಯುತ್ತಿರುವಾಗಲೇ ಈ ಕಡೆ ಟೀ ಕುದಿಯುತ್ತಿತ್ತು.

ಲೆಕ್ಕ ಸುಲಭ. ನಮ್ಮ ಮನೆಗಳಿಗೆ ಬರುವ ಕರೆಂಟ್ 230 ವೋಲ್ಟ್. ವಾಟ್ ಸಂಖ್ಯೆಯನ್ನು 230ರಿಂದ ಭಾಗಿಸಿದರೆ ಎಷ್ಟು ಆಂಪ್ ಎಳೆಯುತ್ತದೆ ಅಂತ ಗೊತ್ತಾಗುತ್ತದೆ. 1500 ವಾಟ್ ರಾಡ್ ಸುಮಾರು ಆರೂವರೆ ಆಂಪ್. 1000 ವಾಟ್ ಒಲೆ ನಾಲ್ಕು ಚಿಲ್ಲರೆ. ಎರಡೂ ಸೇರಿ ಹತ್ತಿರ ಹತ್ತಿರ 11 ಆಂಪ್. ಈಗ ಬೋರ್ಡ್ ತಿರುಗಿಸಿ ನೋಡಿ. ಸಣ್ಣ ಅಕ್ಷರದಲ್ಲಿ 6 ಆಂಪ್ ಅಂತ ಅಚ್ಚಾಗಿದೆ. ಇದು ಒಂದೊಂದು ಸಾಕೆಟ್‌ಗೂ 6 ಆಂಪ್ ಅಂತ ಅಲ್ಲ. ನಾಲ್ಕು ಸಾಕೆಟ್ ಸೇರಿ, ಗೋಡೆಗೆ ಹೋಗುವ ಆ ಒಂದು ವೈರಿನಲ್ಲಿ ಒಟ್ಟು 6 ಆಂಪ್. ಅಂದರೆ ರಾಡ್ ಒಂದನ್ನೇ ಹಾಕಿದರೂ ಮಿತಿ ದಾಟಿತು.

ಗೋಡೆಯ ಪಾಯಿಂಟ್‌ಗೆ ಇದ್ದ ಎಂಸಿಬಿ 16 ಆಂಪ್‌ನದು. ಅದರ ಕೆಲಸ ಗೋಡೆಯೊಳಗಿನ ವೈರಿಂಗ್ ಕಾಯುವುದು. ಆ ವೈರಿಂಗ್‌ಗೆ 11 ಆಂಪ್ ಏನೂ ದೊಡ್ಡದಲ್ಲ, ಹಾಗಾಗಿ ಎಂಸಿಬಿ ಸುಮ್ನೆ ಇರುತ್ತದೆ, ಇರಬೇಕಾದದ್ದೇ. ನೀವು ಹೊರಗೆ ಎಂಥ ತೆಳು ವೈರಿನ ಬೋರ್ಡ್ ಸಿಕ್ಕಿಸಿದ್ದೀರಿ ಅಂತ ಅದಕ್ಕೆ ಗೊತ್ತಾಗುವುದೇ ಇಲ್ಲ. 6 ಆಂಪ್‌ಗಿಂತ ಮೇಲೆ, 16 ಆಂಪ್‌ಗಿಂತ ಕೆಳಗೆ, ಈ ನಡುವಿನ ಜಾಗದಲ್ಲಿ ನಿಮ್ಮ ಬೋರ್ಡನ್ನು ಕಾಯುವವರು ಯಾರೂ ಇಲ್ಲ. ಕೆಲವು ಬೋರ್ಡ್‌ಗಳಲ್ಲಿ ಒಂದು ಫ್ಯೂಸ್ ಅಥವಾ ಒತ್ತುವ ಕಟ್-ಆಫ್ ಬಟನ್ ಇರುತ್ತದೆ. ಇದರಲ್ಲಿ ಅದೂ ಇರಲಿಲ್ಲ.

ಇನ್ನು ಬಿಸಿಯ ಮಾತು. ಆಂಪ್ ದುಪ್ಪಟ್ಟಾದರೆ ವೈರಿನಲ್ಲಿ ಬಿಸಿ ದುಪ್ಪಟ್ಟಲ್ಲ, ನಾಲ್ಕು ಪಟ್ಟು. ಹಾಗಾಗಿ 6 ಆಂಪ್‌ನ ಬೋರ್ಡ್‌ನಲ್ಲಿ 11 ಆಂಪ್ ಹರಿದರೆ ಬಿಸಿ ಮೂರು ಪಟ್ಟಿಗಿಂತ ಜಾಸ್ತಿ. ಆದರೆ ಮೊದಲು ಸುಡುವುದು ವೈರ್ ಅಲ್ಲ, ಪ್ಲಗ್ ಪಿನ್ ಹಿತ್ತಾಳೆ ಪಟ್ಟಿಯನ್ನು ಮುಟ್ಟುವ ಜಾಗ. ದಿನಾ ಎಳೆದು ಸಿಕ್ಕಿಸಿ ಆ ಹಿಡಿತ ಸಡಿಲವಾಗಿರುತ್ತದೆ. ಅಲ್ಲಿ ಬರೀ ಅರ್ಧ ಓಮ್ ತಡೆ ಇದ್ದರೂ ಸಾಕು, ರಾಡ್ ಒಂದರ ಕರೆಂಟ್‌ಗೇ ಸುಮಾರು 20 ವಾಟ್ ಶಾಖ ಅಷ್ಟು ಸಣ್ಣ ಜಾಗದಲ್ಲಿ ಹುಟ್ಟುತ್ತದೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಸಣ್ಣ ಸೋಲ್ಡರಿಂಗ್ ಐರನ್ ಆನ್ ಮಾಡಿ ಇಟ್ಟ ಹಾಗೆ. ಬಿಸಿಯಾದಷ್ಟೂ ಪಟ್ಟಿಯ ಬಿಗಿ ಹೋಗುತ್ತದೆ, ಬಿಗಿ ಹೋದಷ್ಟೂ ಬಿಸಿ ಏರುತ್ತದೆ.

ಅದೂ ಎಷ್ಟು ಹೊತ್ತು? 15 ಲೀಟರ್ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು 1500 ವಾಟ್ ರಾಡ್‌ಗೆ ಕಾಲು ಗಂಟೆ ಬೇಕು. ನಾಲ್ಕು ಜನ ಒಬ್ಬರಾದ ಮೇಲೆ ಒಬ್ಬರು ಸ್ನಾನಕ್ಕೆ ಹೋದರೆ ಪೂರ್ತಿ ಒಂದು ಗಂಟೆ. ಬೋರ್ಡ್‌ಗೆ ತಣ್ಣಗಾಗಲು ಸಮಯವೇ ಸಿಗುವುದಿಲ್ಲ. ಸಾಲದ್ದಕ್ಕೆ ಉಳಿದ ವೈರನ್ನು ಸುರುಳಿ ಸುತ್ತಿ ಮಂಚದ ಕೆಳಗೆ, ಬ್ಯಾಗಿನ ಹಿಂದೆ ತಳ್ಳಿದ್ದರು. ಸುರುಳಿಯಲ್ಲಿ ಬಿಸಿ ಹೊರಗೆ ಹೋಗಲು ದಾರಿಯಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಬೋರ್ಡ್ ತುಂಬಾ ಚಾರ್ಜರ್ ಸಿಕ್ಕಿಸಿದ್ದರೆ ವಾರ್ಡನ್ ಬೈಯುತ್ತಾರೆ. ಐದು ಮೊಬೈಲ್, ಎರಡು ಲ್ಯಾಪ್‌ಟಾಪ್ ಸೇರಿದರೂ ಒಂದು ಆಂಪ್ ಆಸುಪಾಸು, ಅಷ್ಟೇ. ಲೋಡ್ ಲೆಕ್ಕದಲ್ಲಿ ಅದು ದೊಡ್ಡ ವಿಷಯವಲ್ಲ. ಬಿಸಿ ಮಾಡುವ ಒಂದೇ ಒಂದು ವಸ್ತು ಸಾಕು ಬೋರ್ಡ್ ಸುಡಲು. ರಾಡ್, ಕಾಯಿಲ್ ಒಲೆ, ಕೆಟಲ್, ಐರನ್ ಬಾಕ್ಸ್, ಇಂಡಕ್ಷನ್, ಎಲ್ಲ ಒಂದೇ ಗುಂಪು. ಸಾಕೆಟ್ ಎಷ್ಟು ತುಂಬಿವೆ ಅಂತ ಎಣಿಸಬೇಡಿ, ವಾಟ್ ಕೂಡಿಸಿ.

ಬೋರ್ಡ್ ಕೆಡುತ್ತಿದೆ ಅಂತ ಮೊದಲೇ ಗೊತ್ತಾಗುತ್ತದೆ. ರಾಡ್ ಹತ್ತು ನಿಮಿಷ ಓಡಿದ ಮೇಲೆ ಸ್ವಿಚ್ ಆಫ್ ಮಾಡಿ, ಒಣಗಿದ ಕೈಯಲ್ಲಿ ಪ್ಲಗ್ ಮುಟ್ಟಿ. ಬರೀ ಬೆಚ್ಚಗಿದ್ದರೆ ಸಾಕೆಟ್ ಸದ್ಯಕ್ಕೆ ಕೆಟ್ಟಿಲ್ಲ ಅಂತ ಅಷ್ಟೇ. ಹಿಡಿಯಲಾಗದಷ್ಟು ಬಿಸಿಯಿದ್ದರೆ ಆ ಸಾಕೆಟ್‌ನ ಕಥೆ ಮುಗಿಯಿತು. ಸಾಕೆಟ್ ತೂತಿನ ಸುತ್ತ ಕಂದು ಬಣ್ಣ, ಚಿಟಪಟ ಸದ್ದು, ಮೀನು ಸುಟ್ಟಂಥ ವಾಸನೆ, ಇವೂ ಅದೇ ಸೂಚನೆ. ಪಕ್ಕದ ರೂಮಿನವರಿಗೆ ವಾಸನೆ ಎರಡು ದಿನ ಮೊದಲೇ ಬಂದಿತ್ತು. ಅಡುಗೆಮನೆಯಿಂದ ಬರುತ್ತಿದೆ ಅಂದುಕೊಂಡಿದ್ದರಂತೆ.

ಹಾಗಾದರೆ ರಾಡ್ ಎಲ್ಲಿ ಹಾಕಬೇಕು? ಗೋಡೆಯ 16 ಆಂಪ್ ಪವರ್ ಪಾಯಿಂಟ್‌ಗೆ, ನೇರವಾಗಿ. ದೊಡ್ಡ ತೂತುಗಳಿರುವ ಸಾಕೆಟ್ ಅದು. 1500 ವಾಟ್ ರಾಡ್‌ನ ದಪ್ಪ ಪ್ಲಗ್ ಸಣ್ಣ ಸಾಕೆಟ್‌ಗೆ ಹೋಗದ ಹಾಗೆ ಮಾಡಿರುವುದು ಇದಕ್ಕೇ. ಅಂಗಡಿಯಲ್ಲಿ ಕನ್ವರ್ಟರ್ ಪ್ಲಗ್ ಕೊಡುತ್ತಾರಲ್ವಾ, ದಪ್ಪ ಪಿನ್ನಿನಿಂದ ಸಣ್ಣ ಪಿನ್ನಿಗೆ, ಅದನ್ನು ರಾಡ್‌ಗೆ ಬಳಸಲೇಬೇಡಿ. ರೂಮಿನಲ್ಲಿ ಸಣ್ಣ ಸಾಕೆಟ್ ಮಾತ್ರ ಇದ್ದರೆ 1000 ವಾಟ್ ರಾಡ್ ತೆಗೆದುಕೊಳ್ಳಿ, ಐಎಸ್‌ಐ ಗುರುತು ಇರುವುದು. ಅದು 6 ಆಂಪ್ ಒಳಗೇ ಇರುತ್ತದೆ. ಅದನ್ನೂ ಗೋಡೆಗೇ ಹಾಕಿ. ಒಂದು ಬಕೆಟ್‌ಗೆ ಆರೇಳು ನಿಮಿಷ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಈಗ ನೀರಿನ ಕಡೆಗೆ ಬರೋಣ. ಇಲ್ಲಿ ಅಪಾಯ ಬೆಂಕಿಯದಲ್ಲ, ಶಾಕ್‌ನದು. ರಾಡ್‌ನ ಲೋಹದ ಕೊಳವೆಯೊಳಗೆ ಕರೆಂಟ್ ಹರಿಯುವ ಸುರುಳಿ ತಂತಿ ಇದೆ. ಸುತ್ತಲೂ ಬಿಳಿ ಪುಡಿ ತುಂಬಿ ಅದನ್ನು ಕೊಳವೆಯಿಂದ ಬೇರೆ ಇಟ್ಟಿರುತ್ತಾರೆ. ಕೊಳವೆ ಬಿರುಕು ಬಿಟ್ಟರೆ ನೀರು ಒಳಗೆ ಇಳಿದು ಆ ಪುಡಿ ಒದ್ದೆಯಾಗುತ್ತದೆ. ಆಗ ಕರೆಂಟ್ ನೀರಿಗೆ ಬರುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಬಹಳ ಕಡೆ ಗಡಸು. ಕೆಲವೇ ವಾರಗಳಲ್ಲಿ ರಾಡ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಪದರ ದಪ್ಪವಾದರೆ ಬಿಸಿ ನೀರಿಗೆ ಹೋಗದೆ ಕೊಳವೆಯಲ್ಲೇ ಉಳಿದು ಅದು ಬೇಗ ಹಾಳಾಗುತ್ತದೆ. ಪ್ಲಗ್ ತೆಗೆದು, ತಣ್ಣಗಾದ ಮೇಲೆ, ಕೊಳವೆಯ ಭಾಗವನ್ನು ಮಾತ್ರ ವಿನೆಗರ್ ಅಥವಾ ನಿಂಬೆರಸ ಹಾಕಿದ ನೀರಿನಲ್ಲಿ ನೆನೆಸಿ ಉಜ್ಜಿ. ಚಾಕುವಿನಿಂದ ಕೆರೆಯಬೇಡಿ. ಪದರ ಹೋದ ಮೇಲೆ ಬಿರುಕು, ಉಬ್ಬು, ಹಸಿರು ಕಲೆ ಕಂಡರೆ ರಾಡ್ ಎಸೆಯಿರಿ.

ಪ್ಲಾಸ್ಟಿಕ್ ಬಕೆಟ್ ಆದರೆ ಶಾಕ್ ಹೊಡೆಯುವುದಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಇದನ್ನು ಸ್ವಲ್ಪ ನಿಧಾನವಾಗಿ ಕೇಳಿ. ಕಬ್ಬಿಣದ ಬಕೆಟ್ ಮುಟ್ಟಿದರೇ ಶಾಕ್ ಆಗಬಹುದು, ಅದಕ್ಕಿಂತ ಪ್ಲಾಸ್ಟಿಕ್ ವಾಸಿ, ನಿಜ. ಆದರೆ ಪ್ಲಾಸ್ಟಿಕ್‌ನಲ್ಲಿ ನೀರಿಗೆ ಬಂದ ಕರೆಂಟ್‌ಗೆ ನೆಲಕ್ಕೆ ಹೋಗುವ ದಾರಿ ಇರುವುದಿಲ್ಲ. ಸರಿಯಾದ ಅರ್ಥಿಂಗ್ ಇದ್ದರೆ ಕೊಳವೆಯಿಂದಲೇ ಅದು ಮೂರನೇ ಪಿನ್ ಮೂಲಕ ಹೋಗುತ್ತದೆ, ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಇದ್ದರೆ ಅದು ತಕ್ಷಣ ಬೀಳುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ನೀರು ಸುಮ್ನೆ ಕಾಯುತ್ತಲೇ ಇರುತ್ತದೆ, ಯಾವ ಸೂಚನೆಯೂ ಸಿಗುವುದಿಲ್ಲ. ನೀವು ಬಿಸಿಯಾಯಿತಾ ಅಂತ ಬೆರಳು ಅದ್ದಿದಾಗ ದಾರಿ ಸಿಗುತ್ತದೆ, ನಿಮ್ಮ ಮೈಯಿಂದ. ಅದಕ್ಕೇ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ರಾಡ್ ಹೊರಗೆ ತೆಗೆದ ಮೇಲೆಯೇ ನೀರಿಗೆ ಕೈ. ಸ್ವಿಚ್ ಒಂದೇ ಸಾಲದು. ಹಳೆ ಕಟ್ಟಡಗಳಲ್ಲಿ ಸ್ವಿಚ್ ನ್ಯೂಟ್ರಲ್ ವೈರಿಗೆ ಬಿದ್ದಿದ್ದರೆ ಆಫ್ ಆದರೂ ರಾಡ್‌ನಲ್ಲಿ ಕರೆಂಟ್ ಇರುತ್ತದೆ.

ಆರ್‌ಸಿಸಿಬಿ ಮತ್ತು ಎಂಸಿಬಿ ಬೇರೆ ಬೇರೆ. ಜೀವ ಉಳಿಸಲು ಹಾಕುವ ಆರ್‌ಸಿಸಿಬಿ ಮೇಲೆ 30 ಮಿಲಿಆಂಪ್ ಅಂತ ಇರುತ್ತದೆ, ಒಂದು ಟೆಸ್ಟ್ ಬಟನ್ ಇರುತ್ತದೆ. ಓನರ್ ಅಂಕಲ್‌ಗೆ ಹೇಳಿ ತಿಂಗಳಿಗೊಮ್ಮೆ ಅದನ್ನು ಒತ್ತಿಸಿ. ಬೀಳಬೇಕು. ಬೀಳದಿದ್ದರೆ ಅದು ಗೋಡೆ ಮೇಲಿನ ಅಲಂಕಾರ ಅಷ್ಟೇ. ಟೆಸ್ಟ್ ಬಟನ್‌ನಿಂದ ಅರ್ಥಿಂಗ್ ಸರಿಯಿದೆಯಾ ಅಂತ ಗೊತ್ತಾಗುವುದಿಲ್ಲ, ಅದನ್ನು ಎಲೆಕ್ಟ್ರಿಷಿಯನ್ ಅಣ್ಣನ ಕೈಯಲ್ಲೇ ನೋಡಿಸಬೇಕು.

ಉಳಿದದ್ದು ಬೇಗ ಹೇಳುತ್ತೇನೆ. ರಾಡ್ ಬಕೆಟ್ ಗೋಡೆಗೆ ತಾಗಬಾರದು, ತಾಗಿದರೆ ಪ್ಲಾಸ್ಟಿಕ್ ಕರಗುತ್ತದೆ. ನೀರು ರಾಡ್ ಮೇಲಿನ ಎರಡು ಗುರುತುಗಳ ನಡುವೆ ಇರಲಿ. ಮೊದಲು ನೀರಿನಲ್ಲಿ ರಾಡ್, ಕೊನೆಗೆ ಸ್ವಿಚ್. ಆಫ್ ಮಾಡಿದ ಮೇಲೆ ಸ್ವಲ್ಪ ಹೊತ್ತು ನೀರಿನಲ್ಲೇ ಬಿಟ್ಟು ತೆಗೆಯಿರಿ. ಮೊಬೈಲ್‌ನಲ್ಲಿ ಕಾಲು ಗಂಟೆ ಅಲಾರಂ ಇಡಿ, ಹಾಕಿ ಮಲಗಬೇಡಿ. ಲೋಟದಲ್ಲಿ ಹಾಲು ಕಾಯಿಸುವ ಸಣ್ಣ ಕಾಯಿಲ್‌ಗೂ ಇದೇ ಕ್ರಮ.

ಕಾಯಿಲ್ ಒಲೆ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿದೆ. ಹಾಸ್ಟೆಲ್ ರೂಮಿನಲ್ಲಿ ಅದು ಬೇಡವೇ ಬೇಡ. ಅದರ ಸುರುಳಿ ತೆರೆದಿರುತ್ತದೆ, ಕರೆಂಟ್ ಅದರಲ್ಲೇ ಹರಿಯುತ್ತಿರುತ್ತದೆ. ಪಾತ್ರೆ ತಳ ಸುರುಳಿಗೆ ತಾಗಿದರೆ, ಹಾಲು ಉಕ್ಕಿ ಒಳಗೆ ಬಿದ್ದರೆ, ನೀವು ಹಿಡಿದ ಸ್ಟೀಲ್ ಸೌಟಿಗೂ ಕರೆಂಟ್ ಬರುತ್ತದೆ. ಮಂಚದಿಂದ ಬೆಡ್‌ಶೀಟ್ ಜಾರಿ ಬಿದ್ದರೆ ಬೆಂಕಿ.

ಬೋರ್ಡ್‌ನಿಂದ ಹೊಗೆ ಬಂದರೆ ಕರಗುತ್ತಿರುವ ಪ್ಲಗ್ ಎಳೆಯಲು ಹೋಗಬೇಡಿ. ಓಡಿಹೋಗಿ ಎಂಸಿಬಿ ಅಥವಾ ಮೇನ್ ಇಳಿಸಿ. ನೀರು ಹಾಕಬೇಡಿ. ಬೆಂಕಿ ಹಿಡಿದಿದ್ದರೆ ಎಲ್ಲರನ್ನೂ ಹೊರಗೆ ಕಳಿಸಿ 112ಕ್ಕೆ ಕರೆ ಮಾಡಿ. ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ ಅವರನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮೊದಲು ಮೇನ್ ಆಫ್. ಹಾಗಾಗಿ ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಮಹಡಿಯ ಮೇನ್ ಸ್ವಿಚ್ ಎಲ್ಲಿದೆ, ಆ ಡಬ್ಬಿಗೆ ಬೀಗ ಹಾಕಿದ್ದಾರಾ ಅಂತ ಹೋಗಿ ನೋಡಿ. ಬೀಗ ಇದ್ದರೆ ತೆಗೆಸಿ.